‘ಸಂಬಂಧ’ದಲ್ಲಿ ಮಹಾಪ್ರಾಣ ಎಲ್ಲಿದೆ?

ಹಾಸನದ ಒಂದು ಸಣ್ಣ ಮುದ್ರಣಾಲಯಕ್ಕೆ ನಾನು ಹಲವು ವರ್ಷಗಳಿಂದ ಕರಡು ತಿದ್ದಿಕೊಡುತ್ತಿದ್ದೇನೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಊರಹಬ್ಬದ ಕರಪತ್ರ, ಇವೇ ಹೆಚ್ಚು. ಆಗೊಮ್ಮೆ ಈಗೊಮ್ಮೆ ಸ್ಮರಣ ಸಂಚಿಕೆಯೊಂದು ಬರುತ್ತದೆ. ಹಾಗೆ ಬಂದದ್ದು ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯ ಸಂಚಿಕೆ. ಅದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಊರಿಗೂ ಶಾಲೆಗೂ ಇದ್ದ ನಂಟಿನ ಬಗ್ಗೆ ಆರು ಪುಟಗಳ ಲೇಖನ ಬರೆದಿದ್ದರು. ಬರಹ ಚೆನ್ನಾಗಿತ್ತು, ಹೇಳಬೇಕಾದ್ದನ್ನು ನೇರವಾಗಿ ಹೇಳುತ್ತಿತ್ತು. ಆದರೆ ಲೇಖನದ ಮುಖ್ಯ ಪದವೇ ಆಗಿದ್ದ ‘ಸಂಬಂಧ’ ಆರು ಪುಟಗಳಲ್ಲಿ ಹನ್ನೊಂದು ಸಲ ಬಂದಿತ್ತು. ಏಳು ಕಡೆ ‘ಸಂಭಂದ’, ಮೂರು ಕಡೆ ‘ಸಂಭಂಧ’, ಒಂದು ಕಡೆ ‘ಸಂಬಂದ’ ಎಂದಿತ್ತು. ಸರಿಯಾದ ರೂಪ ಒಂದು ಸಲವೂ ಇರಲಿಲ್ಲ.

ನಾನು ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸಿದೆ. ಎರಡು ದಿನದ ಮೇಲೆ ಮೇಷ್ಟ್ರೇ ಮುದ್ರಣಾಲಯಕ್ಕೆ ಬಂದರು. ಸಿಟ್ಟಿನಿಂದ ಬಂದವರಲ್ಲ, ತಿಳಿದುಕೊಳ್ಳಬೇಕೆಂದು ಬಂದವರು. “ನೋಡಮ್ಮ, ಮಹಾಪ್ರಾಣ ಇದೆ ಅಂತ ನನಗೂ ಗೊತ್ತು. ಅದಕ್ಕೇ ಹೊಟ್ಟೆ ಸೀಳಿದ್ದೀನಿ. ನೀವು ಇಲ್ಲಿ ತೆಗೆದು ಅಲ್ಲಿ ಹಾಕಿದ್ದೀರಲ್ಲ, ಅದು ಯಾವ ಲೆಕ್ಕ?” ಎಂದು ಕೇಳಿದರು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಮಹಾಪ್ರಾಣದ ತಪ್ಪುಗಳ ಬಗ್ಗೆ ನಾನು ಈವರೆಗೆ ಗಮನಿಸಿದ್ದರ ಸಾರವೆಲ್ಲ ಅದರಲ್ಲೇ ಇತ್ತು. ಅಕ್ಷರ ಬಲ್ಲವರು ಮಹಾಪ್ರಾಣವನ್ನು ಮರೆಯುವುದಕ್ಕಿಂತ ಹೆಚ್ಚಾಗಿ ಅದರ ಜಾಗವನ್ನು ತಪ್ಪುತ್ತಾರೆ. ಪದದಲ್ಲಿ ಎಲ್ಲೋ ಒಂದು ಉಸಿರು ಇದೆ ಎಂಬುದು ಶಾಲೆಯಲ್ಲಿ ಓದಿದ ನೆನಪಿನಿಂದ ಅವರಿಗೆ ಗೊತ್ತಿರುತ್ತದೆ. ಯಾವ ಅಕ್ಷರದ ಮೇಲೆ ಎಂಬುದನ್ನು ಮಾತ್ರ ಕಿವಿ ಹೇಳಿಕೊಡುವುದಿಲ್ಲ.

ಕಿವಿ ಏಕೆ ಹೇಳಿಕೊಡುವುದಿಲ್ಲ ಎಂದರೆ, ನಮ್ಮ ಬಾಯಿ ಅದನ್ನು ನುಡಿಯುವುದೇ ಇಲ್ಲ. ಹಾಸನದ ಸಂತೆಯಲ್ಲಾಗಲಿ, ಚಿಕ್ಕಮಗಳೂರಿನ ಬಸ್ಸಿನಲ್ಲಾಗಲಿ, ನಮ್ಮ ಮನೆಯ ಜಗಲಿಯಲ್ಲಾಗಲಿ ‘ಸಂಬಂದ’ ಎಂದೇ ಕೇಳುತ್ತದೆ. ‘ಬಾರ’ ಎಂದರೆ ತೂಕ, ‘ದರ್ಮ’ ಎಂದರೆ ಧರ್ಮ, ‘ಬೂಮಿ’ ಎಂದರೆ ಭೂಮಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಬ’ ಎಂದೂ ‘ಭ’ ಎಂದೂ ಹೇಳಿ ನೋಡಿದರೆ, ಎರಡನೆಯದಕ್ಕೆ ಉಸಿರು ಕೈಗೆ ತಾಗಬೇಕು. ಬಿಡಿ ಅಕ್ಷರ ಹೇಳುವಾಗ ನಾವು ಬೇಕೆಂದೇ ಒತ್ತಿ ಹೇಳುವುದರಿಂದ ತಾಗುತ್ತದೆ. ವಾಕ್ಯದೊಳಗೆ ಅದೇ ‘ಭ’ ಬಂದಾಗ ತಾಗುವುದಿಲ್ಲ. ಇದರಲ್ಲಿ ಆಡುವವರ ತಪ್ಪೇನೂ ಇಲ್ಲ. ಕನ್ನಡದ ಅಚ್ಚ ಪದಗಳಲ್ಲಿ, ಕೆಲವು ಅನುಕರಣ ಶಬ್ದಗಳಂಥವನ್ನು ಬಿಟ್ಟರೆ, ಮಹಾಪ್ರಾಣ ಇಲ್ಲವೇ ಇಲ್ಲ. ಮನೆ, ಗದ್ದೆ, ಬೇಲಿ, ಕಣ, ತೋಟ, ಯಾವುದನ್ನು ತೆಗೆದುಕೊಂಡರೂ ಹಾಗೆಯೇ. ಸಂಸ್ಕೃತದಿಂದಲೂ ಮುಂದೆ ಮರಾಠಿ, ಹಿಂದೂಸ್ತಾನಿಗಳಿಂದಲೂ ಬಂದ ಪದಗಳೊಂದಿಗೆ ಈ ಅಕ್ಷರಗಳು ಬಂದವು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನು ಸಂಸ್ಕೃತ ಪದಗಳು ಕನ್ನಡದ ತದ್ಭವಗಳಾಗುವ ಬಗೆಯನ್ನು ವಿವರಿಸುವಾಗ ಮಹಾಪ್ರಾಣವು ಅಲ್ಪಪ್ರಾಣವಾಗುವುದನ್ನೂ ಹೇಳಿದ್ದಾನೆ. ‘ವೀಥಿ’ ನಮ್ಮಲ್ಲಿ ‘ಬೀದಿ’ಯಾದದ್ದು, ‘ಕಥೆ’ ‘ಕತೆ’ಯಾದದ್ದು, ‘ಘಂಟೆ’ ‘ಗಂಟೆ’ಯಾದದ್ದು ಹೀಗೆ.

ಮೇಷ್ಟ್ರ ಊರು ಬೇಲೂರು ತಾಲ್ಲೂಕಿನದಾದ್ದರಿಂದ ಹಲ್ಮಿಡಿ ಶಾಸನದ ಮಾತು ತಾನಾಗಿಯೇ ಬಂತು. ಹಲ್ಮಿಡಿಯೂ ಅದೇ ತಾಲ್ಲೂಕಿನದು. ಶಾಸನ ಸುಮಾರು ಕ್ರಿ.ಶ. 450ರದೆಂದು ಹೇಳುತ್ತಾರೆ. ಅದರಲ್ಲಿ ಕದಂಬ ದೊರೆಯ ಹೆಸರು ‘ಕಕುಸ್ಥಭಟ್ಟೋರನ್’ ಎಂದು ಬರುತ್ತದೆ, ಅಲ್ಲಿ ಭ ಇದೆ. ದಾನದ ಹೆಸರಾದ ‘ಬಾಳ್ಗಳ್ಚು’ ಎಂಬ ಕನ್ನಡ ಪದ ಬರುತ್ತದೆ, ಅಲ್ಲಿ ಬ ಇದೆ. ನಮ್ಮ ಜಿಲ್ಲೆಯ ಆ ಕಲ್ಲಿನ ಮೇಲೆಯೇ ಎರಡು ಅಕ್ಷರಗಳೂ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ಬರವಣಿಗೆಯಲ್ಲಿ ಈ ವ್ಯತ್ಯಾಸವನ್ನು ಕನ್ನಡ ಅಷ್ಟು ಹಿಂದಿನಿಂದಲೂ ಉಳಿಸಿಕೊಂಡು ಬಂದಿದೆ, ಮಾತಿನಲ್ಲಿ ಉಳಿಸಿಕೊಂಡಿಲ್ಲ. ಕಾಗುಣಿತ ತಪ್ಪುವುದು ಈ ಎರಡರ ನಡುವಿನ ಬಿರುಕಿನಲ್ಲಿ.

ಮೇಷ್ಟ್ರಿಗೆ ನಾನು ನಿಘಂಟನ್ನು ತೆಗೆದು ತೋರಿಸಿದೆ. ಆದರೆ ನಿಘಂಟು ನೋಡುವುದರಲ್ಲೇ ಒಂದು ತೊಡಕಿದೆ, ಅದನ್ನು ಯಾರೂ ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ನಿಘಂಟು ಅಕ್ಷರದ ಕ್ರಮದಲ್ಲಿದೆ. ಅಕ್ಷರ ಯಾವುದೆಂದು ತಿಳಿಯದವನು ಅದನ್ನು ಹೇಗೆ ಹುಡುಕಬೇಕು? ಮೇಷ್ಟ್ರು ತಮ್ಮ ರೂಪವನ್ನೇ ನಂಬಿ ‘ಸಂಭ’ ಎಂಬಲ್ಲಿಗೆ ಹೋದರು. ಅಲ್ಲಿ ಸಂಭವ, ಸಂಭಾವನೆ, ಸಂಭಾಷಣೆ, ಸಂಭ್ರಮ ಎಲ್ಲ ಇದ್ದವು, ‘ಸಂಭಂದ’ ಇರಲಿಲ್ಲ. ಪದ ಸಿಗದಿದ್ದಾಗ ಹೆಚ್ಚಿನವರು ನಿಘಂಟಿನಲ್ಲಿ ಅದನ್ನು ಕೊಟ್ಟಿಲ್ಲವೆಂದುಕೊಂಡು ಮುಚ್ಚಿಬಿಡುತ್ತಾರೆ. ಸಿಗಲಿಲ್ಲ ಎಂದರೆ ತಾನು ತಪ್ಪು ಬಾಗಿಲು ತಟ್ಟುತ್ತಿರಬಹುದು ಎಂದು ತಿಳಿಯಬೇಕು. ಒಂದೆರಡು ಪುಟ ಹಿಂದಕ್ಕೆ ಹೋಗಿ ‘ಸಂಬ’ ನೋಡಿದಾಗ ಸಂಬಳ, ಸಂಬೋಧನೆಗಳ ನೆರೆಯಲ್ಲಿ ‘ಸಂಬಂಧ’ ಸಿಕ್ಕಿತು.

ಸಂಶಯದ ಅಕ್ಷರ ಪದದ ನಡುವೆ ಇದ್ದರೆ ಎರಡು ಜಾಗಗಳೂ ಹತ್ತಿರದಲ್ಲಿರುತ್ತವೆ, ಹೆಚ್ಚು ಕಷ್ಟವಿಲ್ಲ. ಮೊದಲ ಅಕ್ಷರವೇ ಸಂಶಯದ್ದಾದರೆ ದೂರ ಹೋಗಬೇಕಾಗುತ್ತದೆ. ‘ದನ್ಯವಾದ’ ಎಂದು ಹುಡುಕುವವರು ದಕಾರವನ್ನೆಲ್ಲ ದಾಟಿ ಧಕಾರಕ್ಕೆ ಬರಬೇಕು. ಹಾಗೆ ಪುಟ ತಿರುವುವಾಗ ಬೆರಳಿಗೇ ತಿಳಿಯುವ ಸಂಗತಿಯೊಂದಿದೆ: ದಕಾರ ದಪ್ಪಗಿದೆ, ಧಕಾರ ತೆಳ್ಳಗಿದೆ, ಬಕಾರ ಬಹಳ ದಪ್ಪ, ಭಕಾರ ಅದರ ಮುಂದೆ ಸಣ್ಣದು, ಝಕಾರ, ಠಕಾರ, ಢಕಾರಗಳಂತೂ ಕೆಲವೇ ಹಾಳೆಗಳು. ಆ ತೆಳುವಾದ ಭಾಗಗಳಲ್ಲಿ ಪದದ ಪಕ್ಕ ಅದರ ಮೂಲವನ್ನು ಸೂಚಿಸುವ ಸಂಕೇತಾಕ್ಷರ ನೋಡಿದರೆ ಹೆಚ್ಚಿನವು ಸಂಸ್ಕೃತದವೇ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಹೊರಬಂತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ತದ್ಭವಗಳಿಗೆ ಮೂಲಪದವನ್ನೂ ಕೊಡುತ್ತದೆ. ಮನೆಯಲ್ಲಿ ಅಷ್ಟು ದೊಡ್ಡದು ಇಲ್ಲದಿದ್ದರೂ ಒಂದು ಸಂಕ್ಷಿಪ್ತ ನಿಘಂಟು ಕಾಗುಣಿತಕ್ಕೆ ಸಾಕು. ಮೂಲವನ್ನು ಸೂಚಿಸುವಂಥದ್ದಾಗಿದ್ದರೆ ಇನ್ನೂ ಒಳ್ಳೆಯದು. ಅದರ ಕಾರಣವನ್ನು ಈಗ ಹೇಳುತ್ತೇನೆ.

“ಸರಿ, ಪುಸ್ತಕದಲ್ಲಿ ಹೀಗಿದೆ. ಆದರೆ ಇದನ್ನು ನೆನಪಿಟ್ಟುಕೊಳ್ಳೋದು ಹೇಗೆ? ನಾಳೆ ಮತ್ತೆ ಮರೆಯುತ್ತೇನೆ” ಎಂದರು ಮೇಷ್ಟ್ರು. ‘ಸಂಬಂಧ’ದಲ್ಲಿ ಸಂಶಯಕ್ಕೆ ಎರಡು ಜಾಗ, ಆದ್ದರಿಂದ ಬರೆಯಬಹುದಾದ ರೂಪ ನಾಲ್ಕು, ಸರಿಯಾದದ್ದು ಒಂದೇ. ಬರೀ ನೆನಪನ್ನು ನಂಬಿದರೆ ಒಂದಲ್ಲ ಒಂದು ದಿನ ಜಾರುವುದು ಸಹಜ. ಹಾಗಾಗಿ ನಾನು ಪದವನ್ನು ಬಿಡಿಸಿ ತೋರಿಸಿದೆ. ‘ಸಂ’ ಎಂಬುದು ಮುಂದೆ ಅಂಟಿಕೊಂಡ ಉಪಸರ್ಗ, ಉಳಿದದ್ದು ‘ಬಂಧ’. ಅದರ ಧಾತು ಕಟ್ಟು ಎಂಬ ಅರ್ಥದ ‘ಬಂಧ್’. ಇದೇ ಧಾತುವಿನ ಮಕ್ಕಳು ಬಂಧು, ಬಾಂಧವ್ಯ, ಬಂಧನ, ಪ್ರಬಂಧ, ನಿಬಂಧನೆ, ನಿರ್ಬಂಧ, ಅನುಬಂಧ. ‘ಬಂಧು’ ಎಂಬುದನ್ನು ಮೇಷ್ಟ್ರು ಎಂದೂ ತಪ್ಪಾಗಿ ಬರೆದವರಲ್ಲ, ಲಗ್ನಪತ್ರಿಕೆಗಳಲ್ಲಿ ಸಾವಿರ ಸಲ ನೋಡಿದ ಪದ ಅದು. ಬಂಧು ಯಾವ ಅಕ್ಷರವೋ ಸಂಬಂಧವೂ ಅದೇ ಅಕ್ಷರ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಅದರ ಬಳಗದ ಪದಕ್ಕೆ ಕಟ್ಟಿದರೆ ನೆನಪಿಗೆ ಒಂದು ಗೂಟ ಸಿಗುತ್ತದೆ. ‘ಸಂಭಂದ’ ಎಂದು ಬರೆಯುವ ಕೈಯನ್ನು ತಪ್ಪು ದಾರಿಗೆ ಎಳೆಯುವುದು ಬಹುಶಃ ಸಂಭ್ರಮ, ಸಂಭವಗಳ ರೂಪ. ಅವುಗಳಲ್ಲಿರುವ ಭ್ರಮ, ಭವಗಳ ಧಾತುವೇ ಬೇರೆ.

ಇದರ ಹಿಂದೆ ಇನ್ನೊಂದು ಸೂಕ್ಷ್ಮವಿದೆ, ಕರಡು ತಿದ್ದುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಅದೇ. ಸಂಸ್ಕೃತದ ಒಂದೇ ಧಾತುವಿನಲ್ಲಿ ಎರಡು ಮಹಾಪ್ರಾಣಗಳು ಸಾಮಾನ್ಯವಾಗಿ ಒಟ್ಟಿಗೆ ಇರುವುದಿಲ್ಲ. ಹಿಂದೆ ಎರಡಿದ್ದ ಕಡೆ ಮೊದಲನೆಯದು ಉಸಿರನ್ನು ಕಳೆದುಕೊಂಡಿತು ಎಂಬುದನ್ನು ಜರ್ಮನಿಯ ವಿದ್ವಾಂಸ ಗ್ರಾಸ್‌ಮನ್ 1863ರಲ್ಲಿ ವಿವರಿಸಿದ. ಭಾಷಾಶಾಸ್ತ್ರದಲ್ಲಿ ಆ ನಿಯಮಕ್ಕೆ ಅವನದೇ ಹೆಸರಿದೆ. ಹಾಗಾಗಿ ಬಂಧ್, ಬುಧ್, ಬಾಧ್ ಈ ಧಾತುಗಳಲ್ಲಿ ಮೊದಲು ಅಲ್ಪಪ್ರಾಣದ ಬ, ಕೊನೆಗೆ ಮಹಾಪ್ರಾಣದ ಧ. ಬಂಧ, ಬೋಧನೆ, ಬುಧವಾರ, ಬಾಧೆ ಎಲ್ಲವೂ ಈ ಸಾಲಿನವು. ಇದಕ್ಕೆ ಎದುರಾಗಿ ‘ಒಡೆ, ಸೀಳು’ ಎಂಬ ಅರ್ಥದ ಭಿದ್ ಧಾತುವಿನಲ್ಲಿ ಮೊದಲು ಭ, ಕೊನೆಗೆ ದ. ಅದರಿಂದ ಬಂದದ್ದು ‘ಭೇದ’. ಜನ ಬರೆಯುವುದು ‘ಬೇಧ’ ಎಂದು. ನಾನೂ ಬಹಳ ಕಾಲ ಹಾಗೆಯೇ ಬರೆಯುತ್ತಿದ್ದೆ, ‘ಬೋಧ’ ಸರಿಯಾದರೆ ‘ಬೇಧ’ವೂ ಸರಿಯೇ ಇರಬೇಕು ಎಂದುಕೊಂಡಿದ್ದೆ. ಭಿದ್ ಧಾತುವನ್ನು ಒಂದು ಸಲ ನಿಘಂಟಿನಲ್ಲಿ ಕಂಡ ಮೇಲೆ ಆ ತಪ್ಪು ಮರುಕಳಿಸಲಿಲ್ಲ. ನಮ್ಮ ಭದ್ರಾ ನದಿಯ ಹೆಸರೂ ಭ ಮೊದಲು, ದ ಆಮೇಲೆ. ಅದನ್ನು ‘ಭಧ್ರಾ’ ಎಂದು ಬರೆದ ಫಲಕಗಳನ್ನು ಚಿಕ್ಕಮಗಳೂರಿನ ದಾರಿಯಲ್ಲಿ ನೋಡಿದ್ದೇನೆ.

ಈ ಸೂತ್ರದಿಂದ ತಕ್ಷಣ ಆಗುವ ಉಪಯೋಗವೆಂದರೆ, ಒಂದೇ ಧಾತುವಿನ ಭಾಗದಲ್ಲಿ ಎರಡು ಹೊಟ್ಟೆ ಸೀಳಿದ ಅಕ್ಷರಗಳು ಕಂಡರೆ ಅಲ್ಲಿ ಕಣ್ಣು ನಿಲ್ಲಿಸಬಹುದು. ‘ಸಂಭಂಧ’ ಎಂಬುದು ನಿಘಂಟು ತೆಗೆಯುವ ಮೊದಲೇ ಸಂಶಯ ಹುಟ್ಟಿಸುತ್ತದೆ. ಸಮಾಸವಾಗಿ ಎರಡು ಪದಗಳು ಸೇರಿದ್ದರೆ ಮಾತ್ರ ಲೆಕ್ಕ ಬೇರೆ. ಧನಧಾನ್ಯದಲ್ಲಿ ಎರಡು ಧಕಾರಗಳೂ ಸರಿ, ಭೂಧರದಲ್ಲಿ ಭಕಾರ ಒಂದು ಪದದ್ದು, ಧಕಾರ ಇನ್ನೊಂದರದ್ದು. ಘರ್ಘರದಂಥ ಅನುಕರಣ ಪದಗಳಿಗೂ ಇದು ಅನ್ವಯಿಸುವುದಿಲ್ಲ.

ಒತ್ತಕ್ಷರದ ವಿಷಯ ಇದಕ್ಕಿಂತ ಸುಲಭ. ವರ್ಗೀಯ ವ್ಯಂಜನವೊಂದಕ್ಕೆ ಅನುನಾಸಿಕವಲ್ಲದ ಇನ್ನೊಂದು ವರ್ಗೀಯ ವ್ಯಂಜನ ಒತ್ತಾಗಿ ಬಂದರೆ ಮೇಲಿನದು ಅಲ್ಪಪ್ರಾಣವಾಗಿರುತ್ತದೆ, ಮಹಾಪ್ರಾಣ ಇರುವುದಾದರೆ ಒತ್ತಿನಲ್ಲಿ ಇರುತ್ತದೆ. ಅದ್ಭುತ, ಉದ್ಘಾಟನೆ, ಪ್ರಸಿದ್ಧ, ಶ್ರದ್ಧಾಂಜಲಿ, ಅಭಿವೃದ್ಧಿ, ಲಬ್ಧ, ಮುಗ್ಧ, ಎಲ್ಲದರಲ್ಲೂ ಹೀಗೆಯೇ. ಆದ್ದರಿಂದ ‘ಅಧ್ಬುತ’, ‘ಉಧ್ಘಾಟನೆ’, ‘ಪ್ರಸಿಧ್ದ’ ಎಂಬ ರೂಪಗಳು ನಿಘಂಟಿಲ್ಲದೆಯೇ ತಪ್ಪೆಂದು ತಿಳಿಯುತ್ತವೆ. ಯ, ರ, ವಗಳು ಒತ್ತಾಗಿ ಬಂದರೆ ಈ ಕಟ್ಟು ಇಲ್ಲ. ಅಧ್ಯಕ್ಷ, ಧ್ವಜ, ಅಭ್ಯಾಸಗಳಲ್ಲಿ ಮೇಲಿನದೇ ಮಹಾಪ್ರಾಣ. ಹಾಗಾದರೆ ‘ವಿಧ್ಯಾರ್ಥಿ’ ಏಕೆ ಸರಿಯಲ್ಲ? ಅದರ ಧಾತು ತಿಳಿ ಎಂಬ ಅರ್ಥದ ವಿದ್, ಅದಕ್ಕೆ ಉಸಿರಿಲ್ಲ. ವಿದ್ಯಾ, ವಿದ್ವಾಂಸ, ವೇದ ಎಲ್ಲ ಅದರದೇ ಬಳಗ. ಉಸಿರು ಇರುವುದು ‘ಅರ್ಥಿ’ಯಲ್ಲಿ. ಶಾಲೆಯ ಗೋಡೆಗಳ ಮೇಲೆಯೇ ಈ ತಪ್ಪು ಹೆಚ್ಚಾಗಿ ಕಾಣುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಕೀಲಿಮಣೆಯೂ ಇದರಲ್ಲಿ ಪಾಲುಗಾರ. ಮುದ್ರಣಾಲಯದಲ್ಲಿ ನುಡಿ ತಂತ್ರಾಂಶವನ್ನು ಕೆ. ಪಿ. ರಾವ್ ವಿನ್ಯಾಸದಲ್ಲಿ ಬಳಸುತ್ತೇವೆ. ಅದರಲ್ಲಿ ಅಲ್ಪಪ್ರಾಣಕ್ಕೆ ಸಣ್ಣ ಅಕ್ಷರ, ಮಹಾಪ್ರಾಣಕ್ಕೆ ಶಿಫ್ಟ್ ಒತ್ತಿದ ದೊಡ್ಡ ಅಕ್ಷರ. ಸೊನ್ನೆಗೂ ಶಿಫ್ಟ್ ಬೇಕು. ‘ಸಂಬಂಧ’ ಮೂಡಬೇಕಾದರೆ ಬೆರಳು ಹೀಗೆ ಓಡಬೇಕು:

```
sMbMD
```

ಸೊನ್ನೆಗೆ ಒತ್ತಿದ ಶಿಫ್ಟ್ ಅನ್ನು ‘b’ಗೆ ಬಿಡಬೇಕು, ಮತ್ತೆ ಸೊನ್ನೆಗೂ ಧಕಾರಕ್ಕೂ ಹಿಡಿಯಬೇಕು. ವೇಗವಾಗಿ ಹೊಡೆಯುವವರ ಕಿರುಬೆರಳು ಶಿಫ್ಟ್ ಮೇಲೆಯೇ ಉಳಿದರೆ `sMBMD` ಆಗಿ ‘ಸಂಭಂಧ’ ಬರುತ್ತದೆ. ಮೇಷ್ಟ್ರ ಹಸ್ತಪ್ರತಿಯನ್ನು ತರಿಸಿ ನೋಡಿದಾಗ ಆ ಮೂರು ‘ಸಂಭಂಧ’ಗಳು ಅವರವಲ್ಲವೆಂದು ತಿಳಿಯಿತು, ಅವರು ಅಲ್ಲಿಯೂ ‘ಸಂಭಂದ’ ಎಂದೇ ಬರೆದಿದ್ದರು. ತಪ್ಪು ರೂಪವನ್ನು ನೋಡಿದರೆ ಅದು ನೆನಪಿನ ತಪ್ಪೋ ಬೆರಳಿನ ತಪ್ಪೋ ಎಂದು ಹೀಗೆ ಒಂದಿಷ್ಟು ಊಹಿಸಬಹುದು. ಒಬ್ಬರ ಬರಹದಲ್ಲಿ ಒಂದೇ ತಪ್ಪು ಬದಲಾಗದೆ ಮತ್ತೆ ಮತ್ತೆ ಬಂದರೆ ಅದು ನೆನಪಿನದು.

ನಿಘಂಟು ಎಲ್ಲಿ ಸಾಲದು ಎಂಬುದನ್ನೂ ಹೇಳಬೇಕು. ಎರಡು ರೂಪಗಳೂ ನಿಜವಾದ ಪದಗಳೇ ಆಗಿದ್ದರೆ ನಿಘಂಟಿನಲ್ಲಿ ಎರಡೂ ಸಿಗುತ್ತವೆ, ಆಗ ಪದ ಸಿಕ್ಕಿತೆಂದು ಸಮಾಧಾನಪಡುವಂತಿಲ್ಲ, ಅರ್ಥವನ್ನು ಓದಬೇಕು. ಊಟದ ಸಮಯವನ್ನು ‘ಮದ್ಯಾಹ್ನ’ ಎಂದು ಅಚ್ಚು ಮಾಡಿದ ಕಾರ್ಡು ಬಂದಿತ್ತು. ನಡು ಎಂಬ ಅರ್ಥದ್ದು ಮಧ್ಯ, ಮದ್ಯವೆಂದರೆ ಹೆಂಡ. ‘ಮದ್ಯ’ ಎಂಬುದು ಸರಿಯಾದ ಪದವೇ ಆದ್ದರಿಂದ ‘ಮದ್ಯದಲ್ಲಿ’ ಎಂದು ಬರೆದರೆ ಗಣಕದ ಕಾಗುಣಿತ ಪರೀಕ್ಷಕವೂ ಕೆಂಪು ಗೆರೆ ಎಳೆಯುವುದಿಲ್ಲ. ದನ ಮತ್ತು ಧನ, ಬಂದ ಮತ್ತು ಬಂಧ ಹೀಗೆಯೇ. ಬಳಗದ ಲೆಕ್ಕವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ: ಬಂಧನ, ಬಂಧಿಸು ಎಂಬಲ್ಲಿ ಧಕಾರ ಇರುವುದರಿಂದ ಸೆರೆಯಾಳಿಗೂ ಧಕಾರ ಇರಬೇಕೆಂದು ತೋರುತ್ತದೆ, ಆದರೆ ನಿಘಂಟು ಕೊಡುವುದು ‘ಬಂದಿ’, ‘ಬಂದೀಖಾನೆ’ ಎಂದು. ಬಳಗದಿಂದ ಊಹಿಸಿದ್ದನ್ನೂ ಒಮ್ಮೆ ಪುಟ ತೆರೆದು ನೋಡಲೇಬೇಕು ಎನ್ನುವುದು ಇದಕ್ಕಾಗಿ. ಪದವನ್ನು ವಿಭಕ್ತಿ, ಸಂಧಿಗಳಿಂದ ಬಿಡಿಸಿಕೊಂಡು ನೋಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ‘ಆಗಮನಾಭಿಲಾಷಿಗಳು’ ಸಿಗದಿದ್ದರೆ ‘ಅಭಿಲಾಷೆ’ ನೋಡಿದರಾಯಿತು.

ಇನ್ನೊಂದು ಕಡೆ ತಿದ್ದುವವರ ಕೈಯೇ ಅತಿಯಾಗುತ್ತದೆ. ‘ಕತೆ’ ತಪ್ಪಲ್ಲ, ‘ಗಂಟೆ’ ತಪ್ಪಲ್ಲ. ಅವು ಕನ್ನಡ ತನ್ನ ಬಾಯಿಗೆ ಒಗ್ಗಿಸಿಕೊಂಡ ರೂಪಗಳು, ನಿಘಂಟಿನಲ್ಲಿ ತಮ್ಮದೇ ಜಾಗ ಪಡೆದಿವೆ. ಅವನ್ನು ‘ಕಥೆ’, ‘ಘಂಟೆ’ ಎಂದು ತಿದ್ದುವುದು ಕರಡು ತಿದ್ದುವವರ ಕೆಲಸವಲ್ಲ. ಒಂದೇ ಲೇಖನದಲ್ಲಿ ಎರಡೂ ಬೆರೆಯದಂತೆ ನೋಡಿಕೊಂಡರೆ ಸಾಕು. ಎದ್ದ, ಬಿದ್ದ, ಉದ್ದ, ಮುದ್ದು ಎಂಬ ಕನ್ನಡದ ಪದಗಳಿಗೆ ಎಂದೂ ಹೊಟ್ಟೆ ಸೀಳಬಾರದು. ‘ಶುದ್ಧ’ವನ್ನು ಸರಿಯಾಗಿ ಬರೆಯಲು ಕಲಿತ ಮಕ್ಕಳು ಅದೇ ಉತ್ಸಾಹದಲ್ಲಿ ‘ಉದ್ಧ’ ಎಂದು ಬರೆಯುವುದುಂಟು. ಅದನ್ನು ತಿದ್ದುವಾಗ ಮಗು ಏನನ್ನೋ ಕಲಿತಿದೆ ಎಂಬುದನ್ನು ಗಮನಿಸಬೇಕು, ಅದು ಕಲಿತದ್ದಕ್ಕೆ ಎಲ್ಲೆಯನ್ನು ಮಾತ್ರ ಹೇಳಿಕೊಡಬೇಕು.

ಹೆಸರುಗಳ ವಿಷಯದಲ್ಲಿ ನಾನು ನಿಘಂಟನ್ನು ಮುಚ್ಚಿಡುತ್ತೇನೆ. ಮೇಷ್ಟ್ರ ಸಂಚಿಕೆಯ ಕೊನೆಯಲ್ಲಿ ದಾನಿಗಳ ಪಟ್ಟಿ ಇತ್ತು. ಅದರಲ್ಲಿ ಒಬ್ಬ ಸಿದ್ದೇಗೌಡರು, ಒಬ್ಬ ಸಿದ್ಧಪ್ಪನವರು ಇದ್ದರು. ಹನ್ನೊಂದು ‘ಸಂಬಂಧ’ಗಳೂ ಸರಿಯಾದ ಎರಡನೆಯ ಕರಡನ್ನು ನೋಡಿ ಮುಗಿಸಿದ ಮೇಲೆ ಮೇಷ್ಟ್ರು ಸಿದ್ದೇಗೌಡರ ಹೆಸರಿನ ಮೇಲೆ ಬೆರಳಿಟ್ಟು, “ಇದಕ್ಕೂ ಒಂದು ಹೊಟ್ಟೆ ಸೀಳಬೇಕಲ್ಲವೇನಮ್ಮ? ಸಿದ್ಧ ಅಂದರೆ ಸಿಧ್ ಧಾತು ತಾನೇ?” ಎಂದರು. ಧಾತು ಅದೇ ಹೌದು ಮೇಷ್ಟ್ರೇ, ಆದರೆ ಗೌಡರು ತಮ್ಮ ಸಹಿಯನ್ನು ಹೇಗೆ ಮಾಡುತ್ತಾರೋ ಹಾಗೆಯೇ ಇರಲಿ ಎಂದೆ. ಅವರು ಒಪ್ಪಿದರು. ಆಮೇಲೆ ಊರಿಗೆ ಫೋನ್ ಮಾಡಿ ಗೌಡರನ್ನೇ ಕೇಳಿ, ಪಹಣಿಯಲ್ಲೂ ಹಾಗೆಯೇ ಇದೆಯಂತೆ ಎಂದು ತಿಳಿಸಿ, ಕರಡಿನ ಅಂಚಿನಲ್ಲಿ ತಮ್ಮ ಕೈಯಲ್ಲೇ ‘ಇದ್ದಂತೆ ಇರಲಿ’ ಎಂದು ಬರೆದು ಸಹಿ ಹಾಕಿಕೊಟ್ಟರು.